ಬ್ಲಾಕ್ ಇಲ್ಲ, ಆದರೂ ಹಾರ್ಟ್ ವೀಕ್

44 ವರ್ಷದ ಒಬ್ಬರು ಇದ್ದಾರೆ ಎಂದುಕೊಳ್ಳಿ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ತಲೆಗೆ ಎರಡು ದಿಂಬು ಬೇಕು. ಸಂಜೆಯ ಹೊತ್ತಿಗೆ ಪಾದ ಊದಿ, ಚಪ್ಪಲಿ ಪಟ್ಟಿಯ ಗುರುತು ಆಳವಾಗಿ ಬಿದ್ದಿರುತ್ತದೆ. ಆಂಜಿಯೋಗ್ರಾಮ್‌ನಲ್ಲಿ ಒಂದೂ ಬ್ಲಾಕ್ ಇಲ್ಲ. ಎಕೋ ರಿಪೋರ್ಟ್ ಮಾತ್ರ ‘ಡೈಲೇಟೆಡ್ ಕಾರ್ಡಿಯೋಮಯೋಪತಿ, ಇಎಫ್ 25%’ ಎನ್ನುತ್ತದೆ. ಅಂದರೆ ಹೃದಯದ ಸ್ನಾಯು ದುರ್ಬಲವಾಗಿ ಕೋಣೆ ದೊಡ್ಡದಾಗಿದೆ.

ಇಎಫ್ ಅಂದರೆ ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು. ಸರಿಯಾಗಿರುವ ಕೋಣೆ 120 ಮಿ.ಲೀ. ತುಂಬಿಕೊಂಡು 70 ತಳ್ಳುತ್ತದೆ. ಇವರ ಕೋಣೆ ಹಿಗ್ಗಿ 240 ಮಿ.ಲೀ. ಆಗಿದೆ, ತಳ್ಳುವುದು 60. ಸುಮ್ನೆ ಕೂತಾಗ 70ಕ್ಕೂ 60ಕ್ಕೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಬಹಳ ದಿನ ಯಾರಿಗೂ ಸುಳಿವೇ ಸಿಕ್ಕಿರಲಿಲ್ಲ.

ಕಾರಣ ಏನು? ಹತ್ತು ವರ್ಷದಿಂದ ರಾತ್ರಿ ಒಂದು ಕ್ವಾರ್ಟರ್ ಇದೆ. 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ 80 ಗ್ರಾಂ ದಾಟಿ, ಐದು ವರ್ಷಕ್ಕಿಂತ ಜಾಸ್ತಿ ಕುಡಿದವರಲ್ಲಿ ಈ ಕಾಯಿಲೆ ಬರುತ್ತದೆ ಎಂಬುದು ರೂಢಿಯ ಲೆಕ್ಕ. ಇವರು ಆ ಗೆರೆ ಮುಟ್ಟಿಲ್ಲ. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತು, ಅದರದ್ದೇ ಕೆಲಸ ಎನ್ನುತ್ತಾರೆ ಹೆಂಡತಿ. ಅದೂ ಇರಬಹುದು. ಕಾಕ್ಸಾಕಿ ವೈರಸ್ಸಿನ ಒಂದು ಕಿಣ್ವ, ಸ್ನಾಯುಕೋಶದ ಒಳಚೌಕಟ್ಟನ್ನು ಪೊರೆಗೆ ಬಿಗಿದಿಡುವ ಡಿಸ್ಟ್ರೋಫಿನ್ ಪ್ರೋಟೀನನ್ನೇ ಕತ್ತರಿಸಿಬಿಡುತ್ತದೆ. ಇನ್ನೊಂದು ವಿಷಯ: ಅಪ್ಪ 50ಕ್ಕೇ ಹೋದರು. ‘ಹಾರ್ಟ್ ಅಟ್ಯಾಕ್’ ಅಂದಿದ್ದರು, ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಟೈಟಿನ್ ಎಂಬ ಪ್ರೋಟೀನ್ ಹೃದಯದ ಸ್ನಾಯುವಿನಲ್ಲಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಅದರ ಜೀನ್ ಅರ್ಧಕ್ಕೇ ತುಂಡಾದಂತಿದ್ದರೂ ಎಷ್ಟೋ ಜನ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಮೇಲೆ ಕುಡಿತವೋ ವೈರಸ್ಸೋ ಬಿದ್ದಾಗ ಸ್ಪ್ರಿಂಗ್ ಸಡಿಲವಾಗುತ್ತದೆ. ಕುಡಿತದಿಂದ ಹೃದಯ ಹಿಗ್ಗಿದವರಲ್ಲಿ ಸುಮಾರು 10% ಜನರಲ್ಲಿ ಇಂಥ ಟೈಟಿನ್ ದೋಷ ಸಿಕ್ಕಿದೆ. ‘ಕುಡಿದು ಹಾಳು ಮಾಡಿಕೊಂಡ’ ಎಂದು ಫೈಲು ಮುಚ್ಚಿದರೆ ಈ ಎಳೆ ಕೈತಪ್ಪುತ್ತದೆ, ಅಲ್ವಾ?

ಇವರು ಕುಡಿತ ಪೂರ್ತಿ ಬಿಟ್ಟರು. ವೈದ್ಯರು ಮಾತ್ರೆಗಳ ಡೋಸನ್ನು ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿದರು. ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ಶುರುವಾದ ಮೊದಮೊದಲು ಸುಸ್ತು ಜಾಸ್ತಿಯೇ ಆಯಿತು. ಮೂರು ತಿಂಗಳಿಗೆ ಇಎಫ್ 29%. ಇದಕ್ಕೆ ಖುಷಿಪಡಬೇಕಿಲ್ಲ, ಎಕೋ ಮಾಡುವವರು ಬದಲಾದರೂ ನಾಲ್ಕೈದು ಅಂಕ ಆಚೀಚೆ ಆಗುತ್ತದೆ. ವರ್ಷದ ಹೊತ್ತಿಗೆ 52%. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಕೋಣೆ 240ರಿಂದ 150 ಮಿ.ಲೀ.ಗೆ ಕುಗ್ಗಿದ್ದು.

ಹಾಗಾದರೆ ಮಾತ್ರೆ ಬಿಡಬಹುದಾ? ಲಂಡನ್ನಿನಲ್ಲಿ ಹೀಗೆ ಚೇತರಿಸಿಕೊಂಡ 51 ಜನರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡು, ವೈದ್ಯರ ನಿಗಾದಲ್ಲೇ ಹಂತಹಂತವಾಗಿ ಮಾತ್ರೆ ನಿಲ್ಲಿಸಿ ನೋಡಿದರು. ಆರು ತಿಂಗಳೊಳಗೆ ಸುಮಾರು 40% ಜನರಲ್ಲಿ ಕಾಯಿಲೆ ಮರಳಿತು. ಇವರು ಮಾತ್ರೆ ಮುಂದುವರಿಸಿದ್ದಾರೆ.

ಜೀನ್ ಪರೀಕ್ಷೆಯಲ್ಲಿ ಟೈಟಿನ್ ದೋಷ ಕಂಡಿತು. ತಮ್ಮನಿಗೂ ಎಕೋ ಮಾಡಿಸಿದರು. ಅವನಿಗೆ 38, ಕುಡಿಯುವುದಿಲ್ಲ, ಮೂರು ಮಹಡಿ ಹತ್ತಿದರೂ ಏದುಸಿರಿಲ್ಲ. ಇಎಫ್ 46%.