ಒಂಬತ್ತು ಸೇರು ಸಾಸಿವೆ: ಮಾಸಿದ ಅಡುಗೆ ಚೀಟಿ ಓದುವ ಟಿಪ್ಪಣಿ

ಶಿರಸಿ ಕಡೆಯ ನಮ್ಮ ಮನೆಯ ಮಾವಿನಮಿಡಿ ಉಪ್ಪಿನಕಾಯಿ ಚೀಟಿ ಇದು. ಅಜ್ಜಿ ನೀಲಿ ಶಾಯಿಯಲ್ಲಿ ಬರೆದದ್ದು. ದೊಡ್ಡಮ್ಮ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದರು. ಅರ್ಧ ಚೀಟಿಗೆ ಅರಿಶಿನದ ಕಲೆ. ಮಿಡಿ ೪ ಸೇರು ಅನ್ನುವುದು ಸ್ಪಷ್ಟ. ಮೂರನೇ ಸಾಲನ್ನು ನಾನು ಓದಿದ್ದು ಹೀಗೆ: "ಸಾಸಿವೆ ೯ ಸೇರು".

ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಒಂಬತ್ತು ಸೇರು ಹಾಕಿರೆ ಸಾಸಿವೆನೇ ಉಪ್ಪಿನಕಾಯಿ ಆಗ್ತು ತಮಾ" ಎಂದು ನಕ್ಕರು.

ತಪ್ಪು ಎಲ್ಲಿತ್ತು ಅಂದರೆ, ಅದು ಅಂಕಿಯೇ ಅಲ್ಲ. "ಅರ್ಧ" ಅನ್ನುವುದನ್ನು ಅಜ್ಜಿ "ಅಧ೯" ಎಂದು ಬರೆದಿದ್ದರು. ಅಕ್ಷರದ ಬಲಕ್ಕೆ ಬರುವ ಈ ಅರ್ಕಾವೊತ್ತು ನೋಡಲು ಥೇಟ್ ಒಂಬತ್ತರ ಹಾಗೇ ಇರುತ್ತದೆ. ಹಿಂದಿನ ಎರಡು ಅಕ್ಷರ ಕಲೆಯಲ್ಲಿ ಮುಚ್ಚಿಹೋಗಿ ಬಾಲ ಮಾತ್ರ ಉಳಿದಿತ್ತು. ಹಳೇ ಕೈಬರಹದಲ್ಲಿ ಒಂಟಿ ೯ ಕಂಡರೆ ಅದರ ಎಡಗಡೆ ಎಷ್ಟು ಜಾಗ ಖಾಲಿ ಇದೆ ಅಂತ ಮೊದಲು ಅಳೆಯಿರಿ. ಇಲ್ಲಿ "ಸಾಸಿವೆ" ಆದ ಮೇಲೆ ಎರಡಕ್ಷರದಷ್ಟು ಜಾಗ ಇತ್ತು. ಬೇರೆ ಸಾಲುಗಳಲ್ಲಿ ಅಷ್ಟು ಅಂತರ ಇರಲಿಲ್ಲ.

ಆದರೆ ಜಾಗ ಇದೆ ಅಂದಮಾತ್ರಕ್ಕೆ ಸಾಲದು, ಅಕ್ಷರ ಕಾಣಬೇಕು. ಅರಿಶಿನದ ಕಲೆ ಇರುವ ಚೀಟಿಗೆ ಒಂದು ಉಪಾಯ ಇದೆ. ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಇರುತ್ತವೆ. ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ, ಕೆಂಪನ್ನು ಬಿಟ್ಟುಕೊಡುತ್ತದೆ. ನೀಲಿ ಶಾಯಿ ಉಲ್ಟಾ, ಕೆಂಪನ್ನು ಹೀರುತ್ತದೆ. ಹಾಗಾಗಿ ಕೆಂಪು ಪದರ ಒಂದನ್ನೇ ಕಪ್ಪು-ಬಿಳುಪಿನಲ್ಲಿ ನೋಡಿದರೆ ಕಲೆ ಹೆಚ್ಚುಕಡಿಮೆ ಮಾಯವಾಗಿ ಶಾಯಿ ಕಪ್ಪಾಗಿ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ImageMagick ಎಂಬ ಚಿತ್ರ ತಿದ್ದುವ ತಂತ್ರಾಂಶ ಇದ್ದರೆ ಈ ಒಂದು ಆಜ್ಞೆ ಸಾಕು:

```
magick card.jpg -channel R -separate red.png
```

ಕಂದು ಬಣ್ಣಕ್ಕೆ ತಿರುಗಿದ ಶಾಯಿಗೆ ಇದು ನಡೆಯುವುದಿಲ್ಲ. ಅದು ಕೆಂಪು ಪದರದಲ್ಲಿ ಇನ್ನೂ ತೆಳುವಾಗುತ್ತದೆ. ಪೆನ್ಸಿಲ್ ಬರಹಕ್ಕೂ ಪದರ ಬೇರೆ ಮಾಡಿ ಲಾಭ ಇಲ್ಲ. ಅದಕ್ಕೆ ಕಿಟಕಿ ಪಕ್ಕ ಚೀಟಿ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ಫೋಟೋ ತೆಗೆಯಬೇಕು. ಒತ್ತಿ ಬರೆದ ಗೀರಿನ ನೆರಳು ಕಾಣುತ್ತದೆ. ಇನ್ನೊಂದು ಮಾತು, ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಕಳಿಸಿದರೆ ಅದು ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ದೊಡ್ಡಮ್ಮ ಎರಡನೇ ಸಲ ಹಾಗೆ ಕಳಿಸಿದ ಮೇಲೇ ನನಗೆ "ಅಧ" ಕಂಡದ್ದು.

ಮುಂದಿನ ತೊಡಕು ಗೀಟುಗಳದ್ದು. ಉಪ್ಪಿನ ಎದುರು "೧। ಸೇರು", ಮೆಣಸಿನಪುಡಿ ಎದುರು "೦॥। ಸೇರು". ಹಳೇ ಲೆಕ್ಕದಲ್ಲಿ ಒಂದು ಗೀಟು ಅಂದರೆ ಕಾಲು, ಎರಡು ಅಂದರೆ ಅರ್ಧ, ಮೂರು ಅಂದರೆ ಮುಕ್ಕಾಲು. ಅಂದರೆ ಉಪ್ಪು ಒಂದೂಕಾಲು, ಮೆಣಸು ಮುಕ್ಕಾಲು. ಗೊತ್ತಿಲ್ಲದವರು ಇದನ್ನು ೧೧ ಎಂದೋ ಪೂರ್ಣವಿರಾಮ ಎಂದೋ ಓದುತ್ತಾರೆ. ಅಜ್ಜಿ ವಾಕ್ಯ ಮುಗಿದಾಗ ಏನು ಹಾಕುತ್ತಿದ್ದರು ಅಂತ ನೋಡಿದೆ. ಬರೀ ಚುಕ್ಕಿ. ಹಾಗಾದರೆ ಗೀಟು ಲೆಕ್ಕದ್ದೇ. ಅರ್ಧಕ್ಕೆ ಮಾತ್ರ ಗೀಟು ಬಿಟ್ಟು ಅಕ್ಷರದಲ್ಲಿ ಯಾಕೆ ಬರೆದರೋ, ಅವರಿಗೇ ಗೊತ್ತು! ನಾಲ್ಕು ಸೇರು ಮಿಡಿಗೆ ಒಂದೂಕಾಲು ಸೇರು ಉಪ್ಪು ಅಡುಗೆಯ ಲೆಕ್ಕಕ್ಕೂ ಕೂಡುತ್ತದೆ. ಸೇರನ್ನು ಗ್ರಾಂಗೆ ಬದಲಿಸಲು ಮಾತ್ರ ಅವಸರ ಬೇಡ. ತೂಕದ ಸೇರು 80 ತೊಲ, ಸುಮಾರು 933 ಗ್ರಾಂ. ಅಳತೆಯ ಸೇರು ಊರಿಂದ ಊರಿಗೆ ಬೇರೆ. ಮನೆಯ ಹಳೇ ಸೇರು ಅಟ್ಟದಲ್ಲಿದ್ದರೆ ಅದರಲ್ಲೇ ಅಳೆಯಿರಿ.

ಊರಿನ ತಿಳಿವಳಿಕೆ ಬೇಕಾಗುವ ಜಾಗವೂ ಬಂತು. ಮೇಲಿನ ಸಾಲು "ಅನಂತ…ಟ್ಟನ ಅ…". ನಾನು ಮಧ್ಯೆ "ಕ" ಇಟ್ಟು "ಕಟ್ಟಿನ" ಎಂದು ತಿದ್ದಲು ಹೊರಟಿದ್ದೆ. ಅದು "ಅನಂತಭಟ್ಟನ ಅಪ್ಪೆ", ಮಿಡಿಯ ಒಂದು ಜಾತಿಯ ಹೆಸರು. "ಟ್ಟ"ದ ಮೇಲೆ ಗುಡಿಸೇ ಇರಲಿಲ್ಲ, ನಾನೇ ಸೇರಿಸಿದ್ದು. ಹಾಗೇ "ಹಾಕವು" ಎಂಬುದನ್ನು "ಹಾಕಿವೆ" ಎಂದು ತಿದ್ದಿದ್ದೆ. ಅಜ್ಜಿ ಬರೆದದ್ದು ಮನೆಮಾತು, "ಹಾಕಬೇಕು" ಅಂತ ಅರ್ಥ.

ಒಂದು ಶಬ್ದ ಇನ್ನೂ ಬಿಡಿಸಲಾಗಿಲ್ಲ. ಇಂಗಿನ ಎದುರು "…ಡ…ಯಷ್ಟು" ಅಷ್ಟೇ ಇದೆ. ಕಡಲೆಯಷ್ಟೋ ಅಡಕೆಯಷ್ಟೋ? ಎರಡರಲ್ಲೂ ಮಧ್ಯೆ "ಡ", ಎರಡೂ ಅಳತೆ ಮನೆಗಳಲ್ಲಿ ನಡೆಯುತ್ತವೆ. ಕೆಂಪು ಪದರದಲ್ಲೂ ಮೊದಲಕ್ಷರ ಬರೀ ಮಸಿ. ದೊಡ್ಡಮ್ಮ ಅಡಕೆಯಷ್ಟು ಹಾಕುತ್ತಾರಂತೆ. ಅದು ಅವರ ಕೈ ಅಳತೆ, ಚೀಟಿಯದ್ದಲ್ಲ. ನಕಲಿನಲ್ಲಿ "[ಕಡಲೆ/ಅಡಕೆ?]ಯಷ್ಟು" ಎಂದು ಬರೆದು, ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಅವರ ಮಾತನ್ನು ಗುರುತು ಹಾಕಿಟ್ಟಿದ್ದೇನೆ.