ಹಳೆಯ ರೀಲಿನ ಕತ್ತಲೆಯ ದೃಶ್ಯಕ್ಕೆ ಎಷ್ಟು ಎಕ್ಸ್‌ಪೋಷರ್ ಬೇಕು?

ಪ್ರಶ್ನೆ: ತಂದೆಯವರು 1970ರ ದಶಕದಲ್ಲಿ ತೆಗೆದ ಸೂಪರ್ 8 ಕೊಡಾಕ್ರೋಮ್ ರೀಲು ನಮ್ಮಲ್ಲಿದೆ. ಮೊದಲು ಚಿತ್ರದುರ್ಗದ ಕೋಟೆ, ಆಮೇಲೆ ದಾವಣಗೆರೆಯ ನಮ್ಮ ಹಳೆಯ ಮನೆಯಲ್ಲಿ ನಡೆದ ಸೋದರತ್ತೆಯ ಮದುವೆ. ಮ್ಯಾಕ್ರೋ ಲೆನ್ಸ್ ಹಾಕಿದ ಕ್ಯಾಮೆರಾದಿಂದ ಒಂದೊಂದೇ ಫ್ರೇಮಿನ ಫೋಟೊ ತೆಗೆಯುತ್ತಿದ್ದೇನೆ. ಕೋಟೆ ಚೆನ್ನಾಗಿ ಬರುತ್ತದೆ, ಮದುವೆ ಮಾತ್ರ ಕಪ್ಪು. ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಮುಖದ ತುಂಬ ಬಣ್ಣದ ಚುಕ್ಕೆಗಳು. ಪ್ರತಿ ಫ್ರೇಮನ್ನೂ ಮೂರು ಎಕ್ಸ್‌ಪೋಷರ್‌ಗಳಲ್ಲಿ ತೆಗೆಯಬೇಕೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಎಲ್ಲ ಫ್ರೇಮಿಗೂ ಬೇಡ. ಮದುವೆಯ ಭಾಗಕ್ಕೆ ಬೇಕು, ಅಲ್ಲಿಯೂ ಎಲ್ಲ ಕಡೆ ಅಲ್ಲ.

ಕೊಡಾಕ್ರೋಮ್ ನೆಗೆಟಿವ್ ಅಲ್ಲ, ನೇರವಾಗಿ ಚಿತ್ರವೇ ಮೂಡುವ ರಿವರ್ಸಲ್ ಫಿಲ್ಮ್. ಬೆಳಕು ಕಡಿಮೆ ಬಿದ್ದಷ್ಟೂ ಅದು ದಟ್ಟವಾಗುತ್ತದೆ. ಸೂಪರ್ 8ರಲ್ಲಿ ಬಹಳ ಬಳಕೆಯಲ್ಲಿದ್ದ ಕೊಡಾಕ್ರೋಮ್ 40 ತೀರ ನಿಧಾನದ ಫಿಲ್ಮ್; ಜೋರು ದೀಪವಿಲ್ಲದೆ ಮನೆಯೊಳಗೆ ತೆಗೆದರೆ ಮುಖಗಳು ದಟ್ಟ ಕಂದಿನಲ್ಲಿ ಹೂತುಹೋಗುತ್ತವೆ. ಹಿಂದಿನಿಂದ ಬೆಳಕು ಬಿಟ್ಟಾಗ ಆ ಜಾಗದಿಂದ ಕ್ಯಾಮೆರಾದ ಸೆನ್ಸರಿಗೆ ತಲುಪುವುದು ಅತ್ಯಲ್ಪ. ಆ ಅಲ್ಪವನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಜೊತೆಗೆ ಹಿಗ್ಗಿದ ಸೆನ್ಸರಿನ ಗದ್ದಲವೇ ನಿಮಗೆ ಕಾಣುವ ಚುಕ್ಕೆ.

ಮೊದಲು ಆ ಕಪ್ಪಿನೊಳಗೆ ಚಿತ್ರ ಇದೆಯೇ ಎಂದು ನೋಡಿ. ಎರಡು ಫ್ರೇಮುಗಳ ನಡುವಿನ ಗೆರೆಗೆ ಬೆಳಕು ಬಿದ್ದೇ ಇರುವುದಿಲ್ಲ, ಹಾಗಾಗಿ ಆ ಫಿಲ್ಮ್ ಕೊಡಬಲ್ಲ ಅತಿ ದಟ್ಟ ಕಪ್ಪು ಅದೇ. ಗೆರೆಯೂ ಸೇರುವಂತೆ ಒಂದು ಫ್ರೇಮನ್ನು ದೀರ್ಘ ಎಕ್ಸ್‌ಪೋಷರಿನಲ್ಲಿ ತೆಗೆಯಿರಿ. ಮುಖ ಗೆರೆಗಿಂತ ಸ್ವಲ್ಪವಾದರೂ ತಿಳಿಯಾಗಿದ್ದರೆ ಬಿಡಿಸಿಕೊಳ್ಳಬಹುದು. ಎರಡೂ ಒಂದೇ ಕಪ್ಪಾಗಿದ್ದರೆ ಅಲ್ಲಿ ಏನೂ ದಾಖಲಾಗಿಲ್ಲ. ಎಷ್ಟು ಎಕ್ಸ್‌ಪೋಷರ್ ತೆಗೆದರೂ ಬರುವುದಿಲ್ಲ.

ಇನ್ನು ಅಳತೆ. ಫಿಲ್ಮ್ ಇಲ್ಲದ ಖಾಲಿ ಗೇಟಿಗೆ ಬೆಳಕು ಬಿಟ್ಟು, ಬಿಳುಪು ಸಿಡಿಯುವುದಕ್ಕೆ ತುಸು ಮುಂಚೆ ನಿಲ್ಲುವ ಶಟರ್ ವೇಗ ಹುಡುಕಿ. ಅದು 1/250 ಸೆಕೆಂಡ್ ಬಂತೆಂದುಕೊಳ್ಳೋಣ. ಫಿಲ್ಮಿನ ಯಾವ ಭಾಗವೂ ಖಾಲಿ ಗೇಟಿಗಿಂತ ಬೆಳ್ಳಗಿರಲಾರದು, ಆದ್ದರಿಂದ ಕೋಟೆಯ ಬಿಸಿಲಿನ ದೃಶ್ಯಗಳಿಗೆಲ್ಲ ಇದೊಂದೇ ಸಾಕು. ಮದುವೆಗೆ ಎರಡೆರಡು ಸ್ಟಾಪ್ ಕೆಳಗಿಳಿದು 1/60 ಮತ್ತು 1/15 ಸೇರಿಸಿ. 1/15ರಲ್ಲಿ ಮುಖಕ್ಕೆ ಹದಿನಾರು ಪಟ್ಟು ಬೆಳಕು ಸಿಗುತ್ತದೆ. ಬದಲಾಗಬೇಕಾದ್ದು ಶಟರ್ ಮಾತ್ರ. ಅಪರ್ಚರ್, ಐಎಸ್ಒ, ಬಿಳಿ ಸಮತೋಲ ಎಲ್ಲವನ್ನೂ ಕೈಯಾರೆ ಒಂದು ಕಡೆ ನಿಲ್ಲಿಸಿ, ರಾ ಕಡತವಾಗಿಯೇ ತೆಗೆಯಿರಿ. ಮೂರೂ ಮುಗಿಯುವವರೆಗೆ ಫಿಲ್ಮ್ ಕದಲಬಾರದು.

ಫ್ರೇಮು ಪೂರ್ತಿ ಮಂಕಾಗಿದ್ದರೆ ಬ್ರಾಕೆಟಿಂಗ್ ಬೇಕಿಲ್ಲ, 1/15ರ ಒಂದೇ ಚಿತ್ರ ಸಾಕು. ಮೂರು ಬೇಕಾಗುವುದು ಬೆಳಕು ಕತ್ತಲೆ ಒಂದೇ ಫ್ರೇಮಿನಲ್ಲಿ ಕೂಡಿದಾಗ: ಪೆಟ್ರೋಮ್ಯಾಕ್ಸ್ ದೀಪದ ಪಕ್ಕದಲ್ಲಿ ಕತ್ತಲಲ್ಲಿ ನಿಂತ ನೆಂಟರು, ಅಥವಾ ಕೋಟೆಯ ಹೆಬ್ಬಾಗಿಲ ನೆರಳಿನೊಳಗಿಂದ ಕಾಣುವ ಆಕಾಶ. ರೀಲನ್ನು ಒಮ್ಮೆ ಪೂರ್ತಿ ನೋಡಿ ಇಂಥ ದೃಶ್ಯಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂದು ಬರೆದಿಟ್ಟುಕೊಳ್ಳಿ.

ಹೆಚ್ಚಿನವರ ಕೆಲಸ ಕೆಡುವುದು ಮೂರನ್ನು ಬೆಸೆಯುವಾಗ. ಸ್ಥಿರಚಿತ್ರಗಳಿಗೆಂದು ಮಾಡಿದ ಎಕ್ಸ್‌ಪೋಷರ್ ಫ್ಯೂಷನ್ ತಂತ್ರಾಂಶ ಪ್ರತಿ ಫ್ರೇಮಿಗೂ ಹೊಸದಾಗಿ ಲೆಕ್ಕ ಹಾಕುತ್ತದೆ. ಒಬ್ಬರು ದೀಪದ ಮುಂದೆ ಹಾದರೆ ಸಾಕು, ಹಿಂದಿನ ಗೋಡೆಯ ಬೆಳಕು ಏರಿಳಿಯುತ್ತದೆ. ಒಂದು ಫೋಟೊದಲ್ಲಿ ಕಾಣದ ಈ ದೋಷ ಚಲಿಸುವಾಗ ಕಣ್ಣಿಗೆ ಚುಚ್ಚುತ್ತದೆ. ಬದಲಿಗೆ, 1/15ರ ಚಿತ್ರದಲ್ಲಿ ಸಿಡಿಯದ ಜಾಗಗಳ ಬೆಲೆಯನ್ನು ಹದಿನಾರರಿಂದ, 1/60ರದನ್ನು ನಾಲ್ಕರಿಂದ ಭಾಗಿಸಿ 1/250ರ ಮಟ್ಟಕ್ಕೆ ತನ್ನಿ. ಕತ್ತಲನ್ನು 1/15ರ ಚಿತ್ರದಿಂದ, ನಡುವಿನದನ್ನು 1/60ರದರಿಂದ, ದೀಪವನ್ನು 1/250ರದರಿಂದ ತೆಗೆದುಕೊಂಡು ಅಂಚುಗಳನ್ನು ಮೆಲ್ಲನೆ ಬೆರೆಸಿ. ಆಮೇಲೆ ಕತ್ತಲೆ ಎತ್ತುವ ಕರ್ವ್ ಒಂದೇ ಇರಲಿ, ಆ ದೃಶ್ಯದ ಮೊದಲ ಫ್ರೇಮಿನಿಂದ ಕೊನೆಯವರೆಗೆ.

ಕೆಡಿಸುವ ಇನ್ನೆರಡು ಸಂಗತಿಗಳಿವೆ. ಮೊದಲನೆಯದು ಅಂಚಿನ ತೂತು. ಸೂಪರ್ 8ರಲ್ಲಿ ಅದು ಫ್ರೇಮಿನ ಪಕ್ಕದಲ್ಲೇ ಇರುತ್ತದೆ. 1/15ರಲ್ಲಿ ಅದರಿಂದ ನುಗ್ಗುವ ಬೆಳಕು ಲೆನ್ಸಿನೊಳಗೆ ಚದುರಿ ಕಪ್ಪಿನ ಮೇಲೆ ಬೂದು ಮುಸುಕು ಹಾಕುತ್ತದೆ. ತೂತಿನ ಕಡೆ ಮುಸುಕು ಹೆಚ್ಚಾಗಿದ್ದರೆ ಕಾರಣ ಇದೇ. ಕರಿ ಕಾಗದದಿಂದ ಗೇಟಿನ ಆ ಭಾಗವನ್ನು ಮುಚ್ಚಿ. ಎರಡನೆಯದು ದೀಪ. ಮನೆಯ ಕರೆಂಟಿಗೆ ನೇರವಾಗಿ ಹಾಕಿದ ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಡಿಯಬಹುದು. 1/15ರಲ್ಲಿ ಆ ಮಿಡಿತ ಸರಾಸರಿಯಾಗಿ ಅಡಗುತ್ತದೆ, 1/250ರಲ್ಲಿ ಅದರ ಒಂದು ತುಣುಕಷ್ಟೇ ಸಿಕ್ಕಿ ನಮ್ಮ ಹದಿನಾರರ ಲೆಕ್ಕ ತಪ್ಪುತ್ತದೆ. ಖಾಲಿ ಗೇಟನ್ನು 1/250ರಲ್ಲಿ ಇಪ್ಪತ್ತು ಸಲ ತೆಗೆದು ನೋಡಿ. ಬಿಳುಪು ಹೆಚ್ಚುಕಡಿಮೆಯಾದರೆ, ಪಟ್ಟೆ ಮೂಡಿದರೆ, ಬ್ಯಾಟರಿಯಿಂದ ನಡೆಯುವ, ಮಿಡಿಯದ ದೀಪಕ್ಕೆ ಬದಲಾಯಿಸಿ.

ಐವತ್ತು ಅಡಿಯ ರೀಲಿನಲ್ಲಿ ಸುಮಾರು 3,600 ಫ್ರೇಮುಗಳು. ಎಲ್ಲಕ್ಕೂ ಮೂರಾದರೆ 10,800 ಚಿತ್ರ. ಮೂರು ಬೇಕಾದ ದೃಶ್ಯಗಳು ಒಟ್ಟು ಒಂದು ನಿಮಿಷದಷ್ಟಿದ್ದರೆ, ಸೆಕೆಂಡಿಗೆ 18ರಂತೆ ಅವು 1,080 ಫ್ರೇಮು. ಅವಕ್ಕೆ ಮಾತ್ರ ಮೂರು ತೆಗೆದರೆ 5,760ರಲ್ಲಿ ಮುಗಿಯುತ್ತದೆ. ಇಷ್ಟಕ್ಕೂ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರನ್ನೇ ಬಳಸಿ. ಯಾಂತ್ರಿಕ ಶಟರ್ ಸವೆಯುತ್ತದೆ, ಅದರ ಅದುರಿಗೆ ಫಿಲ್ಮೂ ಕದಲುತ್ತದೆ.