ಕಾಯಿ ಒಡೆಯುವ ಮೊದಲು

ಸವದತ್ತಿಯ ಎಲ್ಲಮ್ಮನ ಗುಡ್ಡ. ಮಹಾರಾಷ್ಟ್ರದಿಂದ ಬಂದ ಭಕ್ತರೊಬ್ಬರು ಹಣ್ಣುಕಾಯಿ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅಂಗಡಿಯವನು ಕನ್ನಡದಲ್ಲಿ ಏನೋ ಕೇಳುತ್ತಾನೆ. ಅವರು ‘ಕಾಯ್?’ ಎನ್ನುತ್ತಾರೆ. ಅಂಗಡಿಯವನು ಒಂದು ತೆಂಗಿನಕಾಯಿಯನ್ನು ಕೈಗಿಡುತ್ತಾನೆ. ಅವರು ಗಲಿಬಿಲಿಗೊಂಡು ಮತ್ತೆ ‘ಕಾಯ್?’ ಎನ್ನುತ್ತಾರೆ. ಇನ್ನೊಂದು ಬರುತ್ತದೆ. ಹೆಂಡತಿಯ ಕಡೆಗೆ ತಿರುಗಿ ‘ಕಾಯ್?’ ಎನ್ನುವಷ್ಟರಲ್ಲಿ ಮೂರನೆಯದೂ ಬಂದು ಕಂಕುಳಲ್ಲಿ ಕೂರುತ್ತದೆ. ತಾಳ್ಮೆ ತಪ್ಪಿದ ಭಕ್ತರು ‘ಹೇ ಕಾಯ್!’ ಎಂದು ಕೂಗಿದಾಗ ಅಂಗಡಿಯವನಿಗೂ ಸಿಟ್ಟು ಬರುತ್ತದೆ: ‘ಇಷ್ಟು ಬೇಕೆಂದು ಮೊದಲೇ ಹೇಳಿದ್ದರೆ ಚೀಲದಲ್ಲಿ ಹಾಕಿ ಕೊಡುತ್ತಿದ್ದೆನಲ್ಲ!’

ಬೆಳಗಾವಿಯಲ್ಲಿ ಇದನ್ನು ಹೇಳಿದರೆ ಮೂರನೆಯ ಕಾಯಿಗೇ ನಗು ಶುರುವಾಗಿರುತ್ತದೆ. ನೀವು ಮೈಸೂರು ಕಡೆಯವರಾಗಿದ್ದು ಇನ್ನೂ ನಕ್ಕಿಲ್ಲವಾದರೆ ಸ್ವಲ್ಪ ತಾಳಿ. ಇಲ್ಲೇ ಬಿಡಿಸಿ ಹೇಳಿದರೆ, ಯಾವ ತಪ್ಪಿನ ಬಗ್ಗೆ ಬರೆಯಲು ಕೂತಿದ್ದೇನೋ ಆ ತಪ್ಪನ್ನೇ ಮಾಡಿದಂತಾಗುತ್ತದೆ.

ಹೊರರಾಜ್ಯಗಳಿಂದ ವರ್ಗವಾಗಿ ಬೆಳಗಾವಿಗೆ ಬರುವ ಬ್ಯಾಂಕ್ ಮತ್ತು ಕಚೇರಿ ನೌಕರರಿಗೆ ಸಂಜೆ ಹೊತ್ತು ಕನ್ನಡ ಕಲಿಸುವುದು ನನ್ನ ಕೆಲಸ. ವ್ಯಾಕರಣ ಕಲಿಸುವುದು ಕಷ್ಟವಲ್ಲ. ಕಷ್ಟವಿರುವುದು ನಗೆಯನ್ನು ಕಲಿಸುವುದರಲ್ಲಿ. ಕೌಂಟರಿನ ಆಚೆ ನಿಂತ ಗ್ರಾಹಕರು ಏನೋ ಹೇಳಿ ಎಲ್ಲರೂ ನಕ್ಕಾಗ ತಾನೊಬ್ಬ ಮಾತ್ರ ಸುಮ್ಮನೆ ನಿಲ್ಲಬೇಕಾದ ಸಂಕಟವನ್ನು ಇವರೆಲ್ಲ ಬಲ್ಲರು. ಆದ್ದರಿಂದ ಅವರು ಬಂದು ಕೇಳುವ ಮೊದಲ ಪ್ರಶ್ನೆಯೇ ‘ಮೇಡಂ, ಅವರು ನಕ್ಕಿದ್ದು ಏಕೆ?’ ಎಂಬುದು.

ಕಾಯಿಯ ಕಥೆಯನ್ನು ತರಗತಿಯಲ್ಲಿ ಮೊದಲ ಸಲ ಹೇಳಿದಾಗ ನಕ್ಕವಳು ನಾನೊಬ್ಬಳೇ. ಎದುರಿಗೆ ಕೂತಿದ್ದವರು ಒಡಿಶಾ, ಬಿಹಾರ, ಕೇರಳದವರು. ನಾನು ತಕ್ಷಣ ವಿವರಣೆಗೆ ಇಳಿದೆ. ಮರಾಠಿಯಲ್ಲಿ ‘ಕಾಯ್’ ಎಂದರೆ ‘ಏನು’. ಕನ್ನಡದಲ್ಲಿ ದೇವಸ್ಥಾನದ ಮುಂದೆ ‘ಕಾಯಿ’ ಎಂದರೆ ತೆಂಗಿನಕಾಯಿ. ಭಕ್ತರು ‘ಏನು’ ಎಂದು ಕೇಳುತ್ತಿದ್ದಾರೆ, ಅಂಗಡಿಯವನು ಕಾಯಿ ಕೊಡು ಎಂದುಕೊಳ್ಳುತ್ತಿದ್ದಾನೆ. ಎಲ್ಲರೂ ತಲೆಯಾಡಿಸಿ, ಪುಸ್ತಕದಲ್ಲಿ ‘ಕಾಯಿ = ತೆಂಗಿನಕಾಯಿ’ ಎಂದು ಬರೆದುಕೊಂಡರು. ಹಿಂದಿನ ಬೆಂಚಿನವರೊಬ್ಬರು ಕೈ ಎತ್ತಿ, ‘ಅಂಗಡಿಯವನು ಮೊದಲು ಹಣ ಏಕೆ ಕೇಳಲಿಲ್ಲ?’ ಎಂದರು.

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ನಗುವವರು ಯಾರೂ ಅದನ್ನು ಕೇಳುವುದಿಲ್ಲ. ನಗೆ ಕೈತಪ್ಪಿದವರು ಕೇಳುತ್ತಾರೆ. ಬಿಡಿಸಿ ಹೇಳಿದ ಕೂಡಲೇ ಕಥೆ ಒಂದು ವರದಿಯಾಗುತ್ತದೆ. ವರದಿಯನ್ನು ಓದುವವರು ಅದು ನಡೆಯಬಹುದೇ, ಲೆಕ್ಕ ಸರಿಯಿದೆಯೇ ಎಂದು ನೋಡುತ್ತಾರೆ. ನಿಮ್ಮ ವಿವರಣೆಯ ಕೊನೆಗೆ ಇಂಥ ಪ್ರಶ್ನೆ ಬಂದರೆ, ಅರ್ಥ ತಲುಪಿದೆ, ನಗೆ ತಲುಪಿಲ್ಲ ಎಂದೇ ತಿಳಿಯಿರಿ.

ಏಕೆ ಹೀಗಾಗುತ್ತದೆ? ಮನಶ್ಶಾಸ್ತ್ರಜ್ಞ ಜೆರ್ರಿ ಸಲ್ಸ್ 1972ರಲ್ಲಿ ನಗೆಯನ್ನು ಎರಡು ಹಂತಗಳಾಗಿ ನೋಡಿದರು. ಮೊದಲು ಕೇಳುವವರ ನಿರೀಕ್ಷೆಗೆ ಹೊಂದದ ಏನೋ ಒಂದು ಎದುರಾಗಬೇಕು. ಆಮೇಲೆ ಅದನ್ನು ಹೊಂದಿಸುವ ಎಳೆಯನ್ನು ಅವರೇ ಹುಡುಕಿಕೊಳ್ಳಬೇಕು. ‘ಏನು’ ಎಂದವರಿಗೆ ಕಾಯಿ ಸಿಗುವುದು ಮೊದಲ ಹಂತ. ಒಂದೇ ಸದ್ದು ಎರಡು ಕಿವಿಗಳಿಗೆ ಎರಡಾಗಿ ಕೇಳಿಸುತ್ತಿದೆ ಎಂದು ಹೊಳೆಯುವುದು ಎರಡನೆಯದು. ನಾನು ತರಗತಿಯಲ್ಲಿ ಮಾಡಿದ್ದೇನೆಂದರೆ, ಆ ಎರಡನೆಯ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಂಡು ನಾನೇ ಮಾಡಿ ಮುಗಿಸಿದೆ. ಅವರ ಪರವಾಗಿ ನಾನೇ ಸೀನಿದ ಹಾಗೆ.

ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಇನ್ನೊಂದು ದಾರಿಯಿಂದ ಗುರುತಿಸಿದ್ದರು. ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳನ್ನು ಪಟ್ಟಿ ಮಾಡುವಾಗ ಮೊದಲಿಗೇ ಹೇಳುವುದು, ರಸವನ್ನೋ ಭಾವವನ್ನೋ ಅದರ ಹೆಸರಿನಿಂದಲೇ ಕರೆದುಬಿಡುವ ದೋಷವನ್ನು. ‘ಅವಳಿಗೆ ನಾಚಿಕೆಯಾಯಿತು’ ಎಂದು ಬರೆದರೆ ಓದುಗರಿಗೆ ನಾಚಿಕೆ ಕಾಣಿಸುವುದಿಲ್ಲ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರೆ ಕಾಣಿಸುತ್ತದೆ. ‘ಇದರಲ್ಲಿ ತಮಾಷೆ ಏನೆಂದರೆ’ ಎಂದು ಆರಂಭಿಸುವ ಪ್ರತಿ ವಾಕ್ಯವೂ ಈ ದೋಷಕ್ಕೆ ಸೇರಿದ್ದು. ನಮ್ಮ ಕಡೆಯ ಹಾಸ್ಯಸಂಜೆಗಳಲ್ಲಿ ಕೆಲವರು ಕೊನೆಯ ಮಾತನ್ನು ಎರಡೆರಡು ಸಲ ಹೇಳಿ, ‘ತಿಳಿಯಿತಲ್ಲ?’ ಎಂದು ಸಭೆಯತ್ತ ನೋಡುತ್ತಾರಲ್ಲ, ಅದೂ ಅಷ್ಟೇ. ಮೊದಲ ಸಲಕ್ಕೆ ನಕ್ಕವರಿಗೂ ಆಗ ನಗು ಅರ್ಧಕ್ಕೆ ನಿಲ್ಲುತ್ತದೆ.

ಹಾಗೆಂದು ಸುಮ್ಮನಿರಲು ನನಗೆ ಸಾಧ್ಯವಿಲ್ಲ. ಮರಾಠಿಯ ‘ಕಾಯ್’ ಗೊತ್ತಿಲ್ಲದವರಿಗೆ ಹೊಳೆಯುವುದಾದರೂ ಹೇಗೆ? ನಾನು ನಿಧಾನವಾಗಿ ಕಂಡುಕೊಂಡದ್ದು ಇದು: ಬೇಕಾದ ತಿಳಿವಳಿಕೆಯನ್ನು ಕಥೆಯ ನಂತರ ಕೊಡಬಾರದು, ಮೊದಲೇ ಕೊಡಬೇಕು, ಮತ್ತು ಎರಡು ತುಣುಕುಗಳನ್ನು ಒಟ್ಟಿಗೆ ಕೊಡಬಾರದು.

ಈಗ ನಾನು ಮಾಡುವುದು ಹೀಗೆ. ಸೋಮವಾರದ ಪಾಠ ಸಂತೆಯ ಪದಗಳದ್ದು. ಕಾಯಿ, ಹಣ್ಣು, ಕಾಯಿಪಲ್ಲೆ ಬರುತ್ತವೆ. ಮಾವಿನ ಕಾಯಿ ಎಂದರೆ ಹಣ್ಣಾಗದ್ದು, ಆದರೆ ಗುಡಿಯ ಮುಂದೆ ಬರಿಯ ‘ಕಾಯಿ’ ಎಂದರೆ ತೆಂಗಿನಕಾಯಿಯೇ. ಕಾಯಿ ಒಡೆಸುವುದು, ಹಣ್ಣುಕಾಯಿ ಮಾಡಿಸುವುದು ಎಂಬ ಮಾತುಗಳೂ ಅಲ್ಲೇ ಬರುತ್ತವೆ. ವೇಗವಾಗಿ ಆಡುವಾಗ ಕೊನೆಯ ‘ಇ’ಕಾರ ತೇಲಿಹೋಗಿ ‘ಕಾಯ್’ ಎಂದೇ ಕೇಳಿಸುತ್ತದೆ ಎಂದು ಹೇಳಿ, ಎಲ್ಲರಿಂದಲೂ ಹೇಳಿಸುತ್ತೇನೆ. ಬುಧವಾರದ ಪಾಠ ಬೇರೆ: ಬೆಳಗಾವಿಯ ಪೇಟೆಯಲ್ಲಿ ಕಿವಿಗೆ ಬೀಳುವ ಮರಾಠಿ. ‘ಕಾಯ್’ ಎಂದರೆ ಏನು, ‘ಕುಠೆ’ ಎಂದರೆ ಎಲ್ಲಿ, ‘ಕಿತಿ’ ಎಂದರೆ ಎಷ್ಟು. ಸೋಮವಾರದ ಕಾಯಿಯ ನೆನಪನ್ನು ನಾನು ಎತ್ತುವುದಿಲ್ಲ. ಯಾರಾದರೂ ತಾವಾಗಿಯೇ ಗುರುತಿಸಿ ಮುಗುಳ್ನಕ್ಕರೆ ಕಣ್ಣಿನಲ್ಲೇ ಸುಮ್ಮನಿರಿಸುತ್ತೇನೆ. ಕಥೆ ಬರುವುದು ಶುಕ್ರವಾರ, ತರಗತಿ ಮುಗಿಯಲು ಐದು ನಿಮಿಷ ಇರುವಾಗ, ಎಲ್ಲಮ್ಮನ ಜಾತ್ರೆಯ ಮಾತಿನ ನಡುವೆ.

ಎರಡು ದಿನಗಳ ಅಂತರವನ್ನು ಒಮ್ಮೆ ಕೈಬಿಡಲು ಹೋಗಿ ಕೆಟ್ಟಿದ್ದೇನೆ. ಎರಡೂ ಪದಗಳನ್ನು ಅದೇ ಸಂಜೆ ಒಂದರ ಪಕ್ಕ ಒಂದು ಬರೆದು ಕಥೆ ಶುರುಮಾಡಿದೆ. ಮೊದಲ ಕಾಯಿಗೇ ಎಲ್ಲರಿಗೂ ಅಂತ್ಯ ಗೊತ್ತಾಗಿಹೋಯಿತು. ಕಡ್ಡಿ ಮತ್ತು ಮದ್ದು ಎರಡನ್ನೂ ಕೊಡಬೇಕು, ಗೀರುವುದನ್ನು ಮಾತ್ರ ಅವರಿಗೇ ಬಿಡಬೇಕು.

ಇಷ್ಟಾಗಿಯೂ ಯಾರಾದರೂ ಪಿಳಿಪಿಳಿ ನೋಡುತ್ತಾ ಕೂರಬಹುದು. ಆಗ ಉತ್ತರ ಹೇಳುವ ಬದಲು ಒಂದು ಪ್ರಶ್ನೆ ಕೇಳುತ್ತೇನೆ: ‘ಅಂಗಡಿಯವನ ಕಿವಿಗೆ ಏನು ಕೇಳಿಸಿತು?’ ‘ಅವನಿಗೆ ಏನರ್ಥವಾಯಿತು’ ಎಂದು ಕೇಳುವುದಿಲ್ಲ, ಅದು ಪರೀಕ್ಷೆಯ ಪ್ರಶ್ನೆಯಾಗುತ್ತದೆ. ಕಿವಿ ಎಂದಾಗ ಅವರು ಆ ಸದ್ದನ್ನು ಬಾಯಿಯಲ್ಲೇ ಒಮ್ಮೆ ಆಡಿಕೊಂಡು ನೋಡುತ್ತಾರೆ. ತುಟಿ ಅಲುಗಿ, ನಿಂತು, ಆಮೇಲೆ ಮುಖ ಅರಳುತ್ತದೆ. ತಡವಾಗಿ ಬಂದ ನಗು ಸಣ್ಣದಿರುತ್ತದೆ, ಆದರೆ ಅವರದ್ದೇ ಆಗಿರುತ್ತದೆ.

ನಕ್ಕಾದ ಮೇಲೆ ಬಿಚ್ಚಿ ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ. ಅದಕ್ಕೂ ಹಳೆಯವರ ಉಪಾಯವೇ ಇದೆ. ಶ್ಲೇಷೆ ಶಬ್ದದಲ್ಲಿದೆಯೋ ಅರ್ಥದಲ್ಲಿದೆಯೋ ತಿಳಿಯಲು ಆಲಂಕಾರಿಕರು ಪದವನ್ನು ತೆಗೆದು ಅದರ ಸಮಾನಾರ್ಥಕವನ್ನು ಇಟ್ಟು ನೋಡುತ್ತಿದ್ದರು. ಬದಲಾವಣೆಯನ್ನು ತಾಳಿಕೊಂಡರೆ ಅರ್ಥಶ್ಲೇಷೆ, ತಾಳದಿದ್ದರೆ ಶಬ್ದಶ್ಲೇಷೆ. ನನ್ನ ತರಗತಿಯಲ್ಲಿ ಇದೊಂದು ಆಟ. ‘ಕಾಯಿ’ ಬದಲು ‘ತೆಂಗು’ ಎಂದು ಹೇಳಿ ನೋಡಿ: ಸತ್ತಿತು. ಗುಡ್ಡದ ಬದಲು ತರಕಾರಿ ಪೇಟೆಯಲ್ಲಿ ಇಡಿ: ಅರ್ಧ ಜೀವ ಉಳಿಯಿತು, ಏಕೆಂದರೆ ಅಲ್ಲಿ ‘ಯಾವ ಕಾಯಿ?’ ಎಂದು ಕೇಳಬೇಕಾಗುತ್ತದೆ. ಒಂದೇ ಕಾಯಿ ಕೊಡಿಸಿ: ಬರಿಯ ತಪ್ಪು ತಿಳಿವಳಿಕೆ. ಎಂಟು ಕೊಡಿಸಿ: ನಾಲ್ಕರ ಹೊತ್ತಿಗೆ ಕೇಳುವವರು ಮೊಬೈಲ್ ನೋಡುತ್ತಾರೆ. ಕೊನೆಯ ಮಾತಿನಲ್ಲಿ ಅಂಗಡಿಯವನು ‘ಓ, ನೀವು ಏನು ಎಂದು ಕೇಳಿದಿರಾ?’ ಎಂದರೆ ಎಲ್ಲವೂ ಮುಗಿಯಿತು. ಅವನೇ ನಮ್ಮ ಕೆಲಸವನ್ನು ಮಾಡಿಬಿಟ್ಟ. ಅವನು ಕೊನೆಯವರೆಗೂ ತಾನು ಸರಿ ಎಂದೇ ನಂಬಿರಬೇಕು. ಹೀಗೆ ಕೆಡಿಸಿ ನೋಡುವಾಗ ತರಗತಿ ಮೂಲ ಕಥೆಗಿಂತ ಹೆಚ್ಚು ನಗುತ್ತದೆ. ಮೂಲ ಕಥೆಗೆ ಯಾರೂ ಕೈ ಹಚ್ಚಿರುವುದಿಲ್ಲ, ಸಾಯುವುದು ಅದರ ನಕಲುಗಳು ಮಾತ್ರ.

ಗಡಿ ಊರಿನಲ್ಲಿ ಭಾಷೆಯ ನಗೆ ಎಂದರೆ ಯಾರನ್ನು ನೋಡಿ ನಗುತ್ತಿದ್ದೇವೆ ಎಂಬ ಪ್ರಶ್ನೆಯೂ ಬರುತ್ತದೆ. ಈ ಕಥೆಯಲ್ಲಿ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸರಿ. ಆದ್ದರಿಂದಲೇ ಮರಾಠಿ ಮನೆಮಾತಿನವರು ತರಗತಿಯಲ್ಲಿದ್ದರೆ ಮೊದಲು ನಗುವವರು ಅವರೇ. ಒಂದು ಕಡೆಯವರನ್ನು ಪೆದ್ದರನ್ನಾಗಿಸಿ ಹೇಳುವ ಕಥೆಗಳೂ ಇವೆ. ಅವನ್ನು ಬಿಡಿಸಿ ಹೇಳಲು ಹೋದರೆ ನಗೆಯ ಕೆಳಗಿನ ಹಗೆ ಬರಿಯ ವಾಕ್ಯವಾಗಿ ಹೊರಬರುತ್ತದೆ. ಅವನ್ನು ನಾನು ವಿವರಿಸುವುದೂ ಇಲ್ಲ, ಹೇಳುವುದೂ ಇಲ್ಲ.

ಮೊದಲೇ ತಿಳಿಸಿದರೂ ನಗೆಯಾಗಿ ಉಳಿಯದ ಮಾತುಗಳು ಬೇರೆ. ಬಾಗಲಕೋಟೆಯ ಹಿರಿಯರೊಬ್ಬರನ್ನು ‘ಹಳೆಯ ಬಾಗಲಕೋಟೆಯವರೋ, ಹೊಸದರವರೋ?’ ಎಂದು ಕೇಳಿದಾಗ ಅವರು, ‘ನಾನು ಹಳೆಯವನು, ಊರು ಹೊಸದು’ ಎಂದರು. ಪಕ್ಕದವರೆಲ್ಲ ನಕ್ಕರು. ಇಲ್ಲಿ ಕಲಿಸಬೇಕಾದದ್ದು ಪದವಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಬಂದದ್ದು, ಹಳೆಯ ಊರಿನ ಭಾಗಗಳು ಮುಳುಗಡೆಯಾದದ್ದು, ಜನ ಮನೆ ಬಿಟ್ಟು ನವನಗರಕ್ಕೆ ಹೋದದ್ದನ್ನು ಹೇಳಬೇಕು. ಅದನ್ನು ಹೇಳಿದ ಮೇಲೆ ಆ ಮಾತನ್ನು ಮತ್ತೆ ಹೇಳಿದರೆ ತರಗತಿ ನಗುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ನನ್ನ ವಿವರಣೆ ಸೋತಿತೆಂದು ಆಗ ನನಗೆ ಅನ್ನಿಸುವುದಿಲ್ಲ. ಆ ಹಿರಿಯರ ಸುತ್ತ ಇದ್ದವರ ನಗುವೂ ಬಹುಶಃ ಪೂರ್ತಿ ನಗುವಾಗಿರಲಿಲ್ಲ.

ಕಳೆದ ತಂಡದಲ್ಲಿ ಒಡಿಶಾದ ಅಧಿಕಾರಿಯೊಬ್ಬರಿದ್ದರು. ಶುಕ್ರವಾರದ ಕಥೆಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಅಂದೇ ರಾತ್ರಿ ಊರಿಗೆ ಫೋನ್ ಮಾಡಿ ಒಡಿಯಾದಲ್ಲಿ ಅದನ್ನು ಹೇಳಿದರಂತೆ. ಸೋಮವಾರ ಮುಖ ಸಪ್ಪೆ ಮಾಡಿಕೊಂಡು ಬಂದರು.

‘ಯಾರೂ ನಗಲಿಲ್ಲ ಮೇಡಂ. ಎಲ್ಲವನ್ನೂ ಬಿಡಿಸಿ ಹೇಳಿದೆ.’

‘ಆಮೇಲೆ?’

‘ನಮ್ಮ ತಂದೆ ಕೇಳಿದರು, ಅಂಗಡಿಯವನು ಮೊದಲು ಹಣ ಏಕೆ ಕೇಳಲಿಲ್ಲ ಎಂದು.’